ಕಾಲು ವೃತ್ತದ ಸರಳು: ಲೆಕ್ಕ ಹೇಳಿದ್ದು 3.07, ಗೇಜ್ ತೋರಿಸಿದ್ದು 3.90

ಮೊದಲ ವಾರಾಂತ್ಯ

8 ಮಿ.ಮೀ. ವ್ಯಾಸದ ಮೆದು ಉಕ್ಕಿನ ಸರಳೊಂದನ್ನು ಕಾಲು ವೃತ್ತವಾಗಿ ಬಗ್ಗಿಸಿ, ಒಂದು ತುದಿಯನ್ನು ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ. ಸರಳು ವೈಸ್‌ನಿಂದ ನೇರವಾಗಿ ಮೇಲೆದ್ದು, ಬೀದಿದೀಪದ ಕಂಬದ ತೋಳಿನಂತೆ ಬಾಗಿ, ತುದಿಯಲ್ಲಿ ನೆಲಕ್ಕೆ ಸಮಾಂತರವಾಗುತ್ತದೆ. ಬಗ್ಗಿಸಿದ ಮೇಲೆ ಸರಳು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುವುದರಿಂದ, ಕಾಗದದ ಮೇಲೆ ಬರೆದ ಕಂಸದ ಮೇಲಿಟ್ಟು ನೋಡಿ ತಿದ್ದಿದೆ. ಕೊನೆಗೆ ತ್ರಿಜ್ಯ 200 ಮಿ.ಮೀ.ಗೆ ಕೂತಿತು. ಸೂತ್ರದಲ್ಲಿ ತ್ರಿಜ್ಯದ ಘನ ಬರುವುದರಿಂದ ಇಲ್ಲಿ ಅವಸರ ಮಾಡುವಂತಿಲ್ಲ.

ತುದಿಗೆ 2 ಕಿಲೋ ತೂಕ ಕಟ್ಟಿದರೆ ಅದು ಎಷ್ಟು ಜರುಗುತ್ತದೆ ಎನ್ನುವುದೇ ಪ್ರಶ್ನೆ. ಕ್ಯಾಸ್ಟಿಗ್ಲಿಯಾನೊ 1873ರಲ್ಲಿ ಮಂಡಿಸಿದ ಪ್ರಮೇಯ ಇದಕ್ಕೆ ಹೇಳಿ ಮಾಡಿಸಿದ್ದು. ಸರಳಿನಲ್ಲಿ ಶೇಖರವಾದ ವಿಕೃತಿ ಶಕ್ತಿಯನ್ನು ಒಂದು ಬಲದ ಸಾಪೇಕ್ಷವಾಗಿ ಅವಕಲಿಸಿದರೆ, ಆ ಬಲ ಬಿದ್ದ ಜಾಗ ಆ ಬಲದ ದಿಕ್ಕಿನಲ್ಲಿ ಎಷ್ಟು ಜರುಗಿತು ಎಂಬುದು ಸಿಗುತ್ತದೆ. ಕೋನ θ ಅನ್ನು ಮುಕ್ತ ತುದಿಯಿಂದ ಎಣಿಸಿದರೆ ಬೆಂಡಿಂಗ್ ಮೊಮೆಂಟ್ P·R·sinθ ಆಗುತ್ತದೆ. ತುದಿಯಿಂದ ಎಣಿಸುವುದರಲ್ಲೇ ಜಾಣತನವಿದೆ. ವೈಸ್‌ನ ಕಡೆಯಿಂದ ಹೊರಟರೆ ಆಧಾರದ ಪ್ರತಿಕ್ರಿಯೆಗಳನ್ನೂ ಹೊತ್ತುಕೊಂಡು ನಡೆಯಬೇಕು.

ತುದಿ ಕೆಳಗಿಳಿಯುವುದು ಮಾತ್ರವಲ್ಲ, ಮುಂದಕ್ಕೂ ಸರಿಯುತ್ತದೆ. ಆದರೆ ಆ ದಿಕ್ಕಿನಲ್ಲಿ ಯಾವ ಬಲವೂ ಇಲ್ಲ. ಹಾಗಾಗಿ Q ಎಂಬ ಕಾಲ್ಪನಿಕ ಅಡ್ಡ ಬಲವನ್ನು ತುದಿಯಲ್ಲಿಟ್ಟು, ಅವಕಲನ ಮುಗಿದ ಮೇಲೆ ಅದನ್ನು ಸೊನ್ನೆ ಮಾಡಬೇಕು. ನಾನು ಮೊದಲ ಸಲ ‘ಹೇಗೂ ಸೊನ್ನೆ ತಾನೇ’ ಎಂದು Qವನ್ನು ಆರಂಭದಲ್ಲೇ ಹೊಡೆದುಹಾಕಿದೆ. ಆಮೇಲೆ ಅವಕಲಿಸಲು ಏನೂ ಉಳಿಯಲಿಲ್ಲ. ಅಡ್ಡ ಜರುಗು ಸೊನ್ನೆ ಎಂದು ಬಂತು. ಕಣ್ಣೆದುರಿನ ಸರಳು ಮುಂದಕ್ಕೆ ಸರಿಯುತ್ತಿದ್ದುದರಿಂದ ಬಚಾವಾದೆ.

```
M  = P·R·sinθ + Q·R·(1 − cosθ)
δv = (1/EI) ∫ M·(∂M/∂P)·R dθ = π·P·R³ / (4·E·I)
δh = (1/EI) ∫ M·(∂M/∂Q)·R dθ = P·R³ / (2·E·I)
(θ: 0 → π/2, Q = 0)
```

P = 19.62 N, E = 200000 N/mm², I = 201 mm⁴. ಇವುಗಳನ್ನು ಹಾಕಿದರೆ ಕೆಳಕ್ಕೆ 3.07 ಮಿ.ಮೀ., ಮುಂದಕ್ಕೆ 1.95 ಮಿ.ಮೀ. ಬುಡದಲ್ಲಿ ಒತ್ತಡ ಸುಮಾರು 78 N/mm². ಸರಳು ಶಾಶ್ವತವಾಗಿ ಬಾಗುವ ಭಯವಿಲ್ಲ. ಇಲ್ಲಿ ಬಾಗುವಿಕೆಯ ಶಕ್ತಿಯನ್ನು ಮಾತ್ರ ಹಿಡಿದಿದ್ದೇನೆ. ಸರಳಿನ ಉದ್ದಕ್ಕೂ ಆಗುವ ಒತ್ತುವಿಕೆಯ ಪಾಲನ್ನು ಒಮ್ಮೆ ಲೆಕ್ಕ ಹಾಕಿ ನೋಡಿದೆ: 0.0003 ಮಿ.ಮೀ. ಮರೆತರೂ ನಡೆಯುತ್ತದೆ. ತ್ರಿಜ್ಯ ವ್ಯಾಸದ 25 ಪಟ್ಟು ಇರುವುದರಿಂದ ನೇರ ತೊಲೆಯ ಶಕ್ತಿಸೂತ್ರವೇ ಸಾಕು. ಕ್ರೇನಿನ ಕೊಕ್ಕೆಯಂಥ ದಪ್ಪ, ಗಿಡ್ಡ ಬಾಗಿಗೆ ಇದು ಒಗ್ಗುವುದಿಲ್ಲ.

ಎರಡನೆಯ ವಾರಾಂತ್ಯ

ತುದಿಗೆ ಚಿಕ್ಕ ಚಪ್ಪಟೆ ತಗಡೊಂದನ್ನು ಅಂಟಿಸಿ ಅದರ ಮೇಲೆ ಡಯಲ್ ಗೇಜ್ ಕೂರಿಸಿದೆ. ತುದಿ ಮುಂದಕ್ಕೆ ಸರಿಯುವಾಗ ದುಂಡು ಸರಳಿನ ಮೇಲಿಂದ ಗೇಜಿನ ಮೊನೆ ಜಾರಿದರೆ ಓದು ಕೆಡುತ್ತದೆ. ಕೊಕ್ಕೆ ಮಾತ್ರ ನೇತಾಡುವಾಗ ಸೊನ್ನೆ ಹೊಂದಿಸಿ, ಆಮೇಲೆ ಅರ್ಧರ್ಧ ಕಿಲೋ ಏರಿಸುತ್ತ ಹೋದೆ. ಓದುಗಳು ನೇರ ಗೆರೆಯಲ್ಲೇ ಬಂದವು, ತೂಕ ತೆಗೆದಾಗ ಮುಳ್ಳು ಸೊನ್ನೆಗೆ ಮರಳಿತು. ಆದರೆ 2 ಕಿಲೋಗೆ ಸಿಕ್ಕಿದ್ದು ಕೆಳಕ್ಕೆ 3.90, ಮುಂದಕ್ಕೆ 2.85.

ಮೊದಲು ಬೈದದ್ದು ಉಕ್ಕನ್ನು. 3.90 ಬರಬೇಕಾದರೆ E ಎಷ್ಟಿರಬೇಕು ಎಂದು ಹಿಂದಿನಿಂದ ಲೆಕ್ಕ ಹಾಕಿದರೆ 157 GPa ಬರುತ್ತದೆ. ಯಾವ ಮೆದು ಉಕ್ಕೂ ಅಷ್ಟು ಸಡಿಲವಿಲ್ಲ. ಆಗ ಹೊಳೆದದ್ದು ಎರಡು ಜರುಗುಗಳ ಅನುಪಾತ. ಮೇಲಿನ ಎರಡು ಸೂತ್ರಗಳನ್ನು ಭಾಗಿಸಿದರೆ P, R, E, I ಎಲ್ಲವೂ ಹೊಡೆದುಹೋಗಿ 2/π, ಅಂದರೆ 0.64 ಮಾತ್ರ ಉಳಿಯುತ್ತದೆ. ನನ್ನ ಓದಿನಲ್ಲಿ ಅದು 0.73. ತೂಕ, ಉಕ್ಕು, ವ್ಯಾಸ, ತ್ರಿಜ್ಯ ಇವುಗಳಲ್ಲಿ ಎಷ್ಟೇ ತಪ್ಪಿದ್ದರೂ ಅನುಪಾತ ಕದಲಬಾರದು. ಕದಲಿದೆ ಎಂದರೆ ನಾನು ಲೆಕ್ಕ ಹಾಕಿದ ಆಕಾರವೂ ವೈಸ್‌ನಲ್ಲಿ ನಿಂತಿರುವ ಆಕಾರವೂ ಒಂದೇ ಅಲ್ಲ. ಬರೀ ಕುತೂಹಲಕ್ಕೆ ಅಳೆದ ಅಡ್ಡ ಜರುಗು ಹೀಗೆ ಸಾಕ್ಷಿಯಾಯಿತು.

ಬಗ್ಗಿ ನೋಡಿದೆ. ವೈಸ್‌ನ ಹಲ್ಲಿನ ಮೇಲಂಚಿಗೂ ಬಾಗು ಶುರುವಾಗುವ ಜಾಗಕ್ಕೂ ನಡುವೆ 25 ಮಿ.ಮೀ. ನೇರ ತುಂಡು ಉಳಿದಿತ್ತು. ಚಿಕ್ಕದೆಂದು ಬಿಟ್ಟಿದ್ದ ಈ ತುಂಡಿನ ಉದ್ದಕ್ಕೂ ಮೊಮೆಂಟ್ ತನ್ನ ಗರಿಷ್ಠ ಮಟ್ಟದಲ್ಲೇ, P·R ಆಗಿಯೇ ಇರುತ್ತದೆ. ಅದರ ಶಕ್ತಿಯನ್ನೂ ಕೂಡಿಸಬೇಕು:

```
δv += P·R²·L / (E·I)              → 0.49
δh += P·R·(R·L + L²/2) / (E·I)    → 0.52
```

ಈಗ ಕೆಳಕ್ಕೆ 3.55, ಮುಂದಕ್ಕೆ 2.47. ಉದ್ದದಲ್ಲಿ ಹನ್ನೆರಡನೆಯ ಒಂದು ಪಾಲೂ ಇಲ್ಲದ ತುಂಡು ಅಡ್ಡ ಜರುಗನ್ನು ಕಾಲು ಭಾಗಕ್ಕಿಂತ ಹೆಚ್ಚು ಏರಿಸಿತು. ಅನುಪಾತ 0.70ರ ಹತ್ತಿರಕ್ಕೆ ಬಂತು.

ಕ್ಯಾಲಿಪರ್ ಹಿಡಿದಾಗ ಸರಳಿನ ವ್ಯಾಸ 8 ಅಲ್ಲ, 7.9 ಎಂದು ತಿಳಿಯಿತು. I ಇರುವುದು ವ್ಯಾಸದ ನಾಲ್ಕನೇ ಘಾತದಲ್ಲಿ. ಆದ್ದರಿಂದ ಎರಡೂ ಜರುಗು ಶೇ. 5ರಷ್ಟು ಏರಿ 3.74 ಮತ್ತು 2.60 ಆದವು. ಇದರಿಂದ ಅನುಪಾತಕ್ಕೆ ಏನೂ ಆಗುವುದಿಲ್ಲ. ಅಂದರೆ 0.70ಕ್ಕೂ 0.73ಕ್ಕೂ ನಡುವೆ ಇನ್ನೊಬ್ಬ ಕಳ್ಳ ಇದ್ದಾನೆ.

ಮೂರನೆಯ ವಾರಾಂತ್ಯ

ಅನುಮಾನ ಬಿದ್ದದ್ದು ವೈಸ್ ಮೇಲೆ. ಆಧಾರ ಅಲುಗದು ಎಂದು ಪ್ರಮೇಯ ನಂಬುತ್ತದೆ. ನನ್ನ ಮೇಜಿಗೆ ಅದು ಗೊತ್ತಿರಲಿಲ್ಲ. ವೈಸ್‌ಗೆ ಉದ್ದನೆಯ ಗಟ್ಟಿ ಪಟ್ಟಿಯೊಂದನ್ನು ಅಡ್ಡಲಾಗಿ ಬಿಗಿದು, 300 ಮಿ.ಮೀ. ಆಚೆ ಅದರ ತುದಿಗೆ ಗೇಜ್ ಇಟ್ಟೆ. ಸರಳಿಗೆ 2 ಕಿಲೋ ಹಾಕಿದಾಗ ಪಟ್ಟಿಯ ತುದಿ 0.24 ಇಳಿಯಿತು. ಅಂದರೆ ವೈಸ್ 0.0008 ರೇಡಿಯನ್ ಮುಂದಕ್ಕೆ ಮಣಿಯುತ್ತಿದೆ. ಕೇಳಲು ಏನೂ ಅಲ್ಲ. ಆದರೆ ಸರಳಿನ ತುದಿ 200 ಮಿ.ಮೀ. ಮುಂದಿರುವುದರಿಂದ ಅಲ್ಲಿ 0.16 ಇಳಿತ. ವೈಸ್ ಮಣಿಯುವುದು ಹಲ್ಲಿನ ಬಳಿಯಲ್ಲ, ಅದರಿಂದ 100 ಮಿ.ಮೀ. ಕೆಳಗೆ ಮೇಜಿನ ಮಟ್ಟದಲ್ಲಿ. ಅಲ್ಲಿಂದ ತುದಿಯ ಎತ್ತರ 325. ಹಾಗಾಗಿ ಮುಂದಕ್ಕೆ 0.26. ಕೂಡಿಸಿದರೆ 3.90 ಮತ್ತು 2.86. ಎರಡನ್ನೂ ಕಾಗದದಲ್ಲಿ ಕಂಡ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ.

ಲೆಕ್ಕ ಕೂಡಿತೆಂದು ಬಿಡಲು ಮನಸ್ಸಾಗಲಿಲ್ಲ. ವೈಸ್‌ನ ಅಡಿಗೆ ದಪ್ಪ ಉಕ್ಕಿನ ಹಲಗೆ ಕೊಟ್ಟು, ಬೋಲ್ಟುಗಳನ್ನು ಮೇಜಿನ ಕಾಲಿನ ನೇರಕ್ಕೆ ಬದಲಿಸಿ ಮತ್ತೆ ಬಿಗಿದೆ. ಪಟ್ಟಿಯ ತುದಿಯಲ್ಲಿ ಈಗ ಗೇಜಿನ ಮುಳ್ಳು ಕದಲಿದ್ದೇ ಕಾಣಲಿಲ್ಲ. ಹೊಸ ಓದು: ಕೆಳಕ್ಕೆ 3.76, ಮುಂದಕ್ಕೆ 2.63, ಅನುಪಾತ 0.70.

ಉಳಿದ 0.02, 0.03ರ ಬೆನ್ನು ಹತ್ತುವುದಿಲ್ಲ. ಕ್ಯಾಲಿಪರ್ 0.02 ತಪ್ಪು ಓದಿದ್ದರೂ ವ್ಯಾಸದ ನಾಲ್ಕನೇ ಘಾತ ಅದನ್ನು ಶೇ. 1 ಮಾಡಿ, ಇಳಿತದಲ್ಲಿ 0.04 ತೋರಿಸುತ್ತದೆ. ಮುಂದಿನ ವಾರ ಇದೇ ಸರಳನ್ನು ಮಗ್ಗುಲಿಗೆ ಮಲಗಿಸಿ, ಬಾಗಿನ ಸಮತಲಕ್ಕೆ ಲಂಬವಾಗಿ ತೂಕ ಕಟ್ಟುತ್ತೇನೆ. ಆಗ ತಿರುಚುವಿಕೆಯ ಶಕ್ತಿಯೂ ಲೆಕ್ಕಕ್ಕೆ ಬರುತ್ತದೆ. ವೈಸ್ ಆ ದಿಕ್ಕಿನಲ್ಲಿ ಎಷ್ಟು ಮಣಿಯುತ್ತದೆ ಎಂಬುದನ್ನು ಈ ಸಲ ಮೊದಲೇ ಅಳೆಯುತ್ತೇನೆ.