ಆಷಾಢದಲ್ಲೊಂದು ಫ್ರಿಜ್ ವ್ಯಾಪಾರ

12 ಜುಲೈ 2025, ಶನಿವಾರ
ಹಾಸನ

ಮದುವೆಯಾದ ಮೊದಲ ಆಷಾಢ. ನಾನು ತವರಲ್ಲಿ, ಇವರು ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯಲ್ಲಿ ಒಬ್ಬರೇ. ಮಿಕ್ಸಿ, ಕುಕ್ಕರ್ ಎಲ್ಲ ಮುಯ್ಯಿಯಲ್ಲೇ ಬಂದಿವೆ (ಮಿಕ್ಸಿ ಎರಡೆರಡು! ಒಂದನ್ನು ಯಾರಿಗೆ ದಾಟಿಸೋದು ಅಂತ ಇನ್ನೂ ತೀರ್ಮಾನವಾಗಿಲ್ಲ). ಬಾಕಿ ಇರೋದು ಫ್ರಿಜ್. ಹೊಸ ಸೊಸೆಯಂದಿರೆಲ್ಲ ತವರಿಗೆ ಹೋದ ತಿಂಗಳಲ್ಲೇ ಅಂಗಡಿಯವರ ಆಷಾಢ ಸೇಲ್ ಕೂಡ. ಹಾಗಾಗಿ ಇವರು ಅಂಗಡಿ ಸುತ್ತೋದು, ನಾನು ಇಲ್ಲಿ ಮೊಬೈಲ್ ಹಿಡಿದು ಆನ್‌ಲೈನ್ ದರ ನೋಡೋದು ಅಂತ ಕೆಲಸ ಹಂಚಿಕೊಂಡೆವು.

ಬೆಳಿಗ್ಗೆ ದೇವರಾಜ ಅರಸು ರಸ್ತೆಯಿಂದ ಇವರ ಫೋನು. "240 ಲೀಟರಿಂದು, ಎರಡು ಬಾಗಿಲು. ಚೀಟಿಲಿ 26,900 ಇದೆ, 24,800ಕ್ಕೆ ಕೊಡ್ತಾರಂತೆ ಕಣೆ." ಅದೇ ಕಂಪನಿ, ಅದೇ ಲೀಟರು, ಅದೇ ಬೂದು ಬಣ್ಣ ನನ್ನ ಮೊಬೈಲಲ್ಲಿ 22,490! ಎರಡು ಸಾವಿರ ಉಳೀತು ಅಂತ ಅಮ್ಮ ಆಗಲೇ ಖುಷಿಪಟ್ಟಳು. ನನಗೆ ಮಾತ್ರ ಅನುಮಾನ. "ರೀ, ಬಾಗಿಲ ಮೇಲಿರೋ ನಕ್ಷತ್ರದ ಲೇಬಲ್ಲಿಂದೊಂದು ಫೋಟೋ, ಒಳಗಡೆ ಅಂಟಿಸಿರೋ ಮಾಡೆಲ್ ನಂಬರಿಂದೊಂದು ಫೋಟೋ ಕಳಿಸಿ" ಅಂದೆ.

ಫೋಟೋ ಬಂದಾಗ ಗುಟ್ಟು ಗೊತ್ತಾಯಿತು. ಮಾಡೆಲ್ ನಂಬರಿನ ಮೊದಲ ಭಾಗವೆಲ್ಲ ಒಂದೇ, ಕೊನೆಯ ಮೂರು ಅಕ್ಷರ ಬೇರೆ. ಅಂಗಡಿಯದ್ದು ಮೂರು ಸ್ಟಾರ್, ವರ್ಷಕ್ಕೆ 190 ಯೂನಿಟ್. ಆನ್‌ಲೈನಿನದ್ದು ಎರಡು ಸ್ಟಾರ್, 235 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 270 ರೂಪಾಯಿ ವ್ಯತ್ಯಾಸ. ಹತ್ತು ವರ್ಷ ಇಟ್ಟುಕೊಂಡರೆ ಅಗ್ಗ ಅಂತ ಕಂಡ ದುಡ್ಡೆಲ್ಲ ಕರೆಂಟಿಗೇ ಹೋಗುತ್ತೆ. ಅದರ ಮೇಲೆ ಅದರಲ್ಲಿ ಗಾಜಿನ ತಟ್ಟೆಗಳ ಬದಲು ತಂತಿಯ ತಟ್ಟೆಗಳು. ಬರೀ ಸ್ಟಾರ್ ಎಣಿಸಿದರೂ ಸಾಲದು. ಫ್ರಿಜ್‌ಗಳ ಸ್ಟಾರ್ ಲೆಕ್ಕ 2023ರ ಜನವರಿಯಿಂದ ಬಿಗಿಯಾಗಿದೆ, ಅದಕ್ಕಿಂತ ಹಿಂದಿನ ಸ್ಟಾಕಿನ ಮೂರು ಸ್ಟಾರ್ ಇವತ್ತಿನ ಮೂರಕ್ಕೆ ಸಮ ಅಲ್ಲ. ಅದಕ್ಕೇ ನಾನು ನೋಡೋದು ಲೇಬಲ್ಲಿನಲ್ಲಿರೋ ಯೂನಿಟ್ಟಿನ ಅಂಕಿಯನ್ನ.

ಕೊನೆಯ ಅಕ್ಷರದವರೆಗೂ ಹೊಂದೋ ಮಾಡೆಲ್ ಹುಡುಕಿದೆ. ಅದು ಆನ್‌ಲೈನಲ್ಲಿ 25,500. ಕ್ರೆಡಿಟ್ ಕಾರ್ಡಿಗೆ 1,500 ಕಡಿತ ಅಂತ ದಪ್ಪ ಅಕ್ಷರದಲ್ಲಿತ್ತು, ಕೆಳಗೆ ಸಣ್ಣದಾಗಿ "ಇಎಂಐಗೆ ಮಾತ್ರ". ಅಂದರೆ 24,000, ತಿಂಗಳಿಗೆ 4,000ದಂತೆ ಆರು ಕಂತು, "ನೋ ಕಾಸ್ಟ್".

"ಬಡ್ಡಿ ಇಲ್ಲವಲ್ಲ, ತಗೊಂಡ್‌ಬಿಡೋಣ" ಅಂದರು ಇವರು. ಬ್ಯಾಂಕು ಬಡ್ಡಿ ಬಿಡುತ್ತಾ? ಬಿಡೋದಿಲ್ಲ. ಅಷ್ಟು ಬಡ್ಡಿಯನ್ನ ಮಾರೋರು ಬೆಲೆಯಲ್ಲಿ ಮುಂಚೆನೇ ಇಳಿಸಿರ್ತಾರೆ. ವರ್ಷಕ್ಕೆ ಶೇಕಡಾ 16ರ ಲೆಕ್ಕದಲ್ಲಿ ಸಾಲ ಸುಮಾರು 22,919, ಬಡ್ಡಿ 1,081, ಎರಡೂ ಸೇರಿ 24,000. ಆದರೆ ಆ ಬಡ್ಡಿಯ ಮೇಲೆ ಬೀಳೋ 18 ಪರ್ಸೆಂಟ್ ಜಿಎಸ್‌ಟಿ ನಮ್ಮದೇ, ಅದು 195. ಪ್ರೊಸೆಸಿಂಗ್ ಶುಲ್ಕ 199, ಅದಕ್ಕೂ ಜಿಎಸ್‌ಟಿ ಸೇರಿ 235. ಇದ್ಯಾವುದೂ ಪಾವತಿ ಮಾಡೋ ಪುಟದ ಮೊತ್ತದಲ್ಲಿ ಇರಲಿಲ್ಲ, ಆಮೇಲೆ ಕಾರ್ಡಿನ ಬಿಲ್ಲಲ್ಲಿ ಬರುತ್ತೆ. ಒಟ್ಟು 24,430. ಕಂತು ಬೇಡ ಅಂದರೆ ಕಡಿತವೂ ಇಲ್ಲ, 25,500 ಪೂರ್ತಿ.

ಈ 24,430ನ್ನ ಇವರಿಗೆ ಹೇಳಿದೆ. ಅಂಗಡಿಯವರ ಮುಂದೆ ಆನ್‌ಲೈನಿನ ಪುಟ ತೋರಿಸಿ 24,000ಕ್ಕೆ ಕೇಳಿದ್ದಾರೆ. ಅವರು ಸ್ಟೆಬಿಲೈಸರ್ ತಗೊಳ್ಳಿ, ವಾರಂಟಿ ಹೆಚ್ಚಿಸಿಕೊಳ್ಳಿ ಅಂತ ಅತ್ತ ಎಳೆದರಂತೆ. ಫ್ರಿಜ್ಜಿನ ಮೇಲೇ "ಸ್ಟೆಬಿಲೈಸರ್ ಬೇಡ" ಅಂತ ವೋಲ್ಟೇಜಿನ ಮಿತಿ ಸಮೇತ ಬರೆದಿತ್ತು, ಇವರು ಅದನ್ನೇ ತೋರಿಸಿದ್ದಾರೆ. ಕೊನೆಗೆ ಯುಪಿಐಗೆ 24,300, ಮೆಟ್ಟಿಲೇರಿಸಿ ಮೊದಲನೇ ಮಹಡಿಗೆ ಇಡೋ ಕೂಲಿ ಅದರಲ್ಲೇ. ಆನ್‌ಲೈನಿನವರು ಮೆಟ್ಟಿಲೇರಿಸಿ ಕೊಡ್ತಾರೋ ಇಲ್ಲವೋ ಅನ್ನೋದು ತಂದವನ ಮರ್ಜಿ. ನಮ್ಮ ಮೆಟ್ಟಿಲಿನ ತಿರುವು ನೋಡಿದ ಯಾರೂ ಸುಮ್ಮನೆ ಹೊರೋದಿಲ್ಲ.

ಅಷ್ಟರಲ್ಲಿ ಅಮ್ಮ, "ಆಷಾಢದಲ್ಲಿ ಹೊಸ ಸಾಮಾನು ಮನೆಗೆ ಬರೋದು ಬೇಡ." ಸರಿ, ಬಿಲ್ ಮಾಡಿಸಿ ಅಂಗಡಿಯಲ್ಲೇ ಇಡಿಸೋಣ ಅಂದರು ಇವರು. ಅದೂ ಬೇಡ ಅಂದೆ, ವಾರಂಟಿ ಶುರುವಾಗೋದು ಬಿಲ್ಲಿನ ತಾರೀಕಿಂದ, ಫ್ರಿಜ್ ಬಂದ ದಿನದಿಂದಲ್ಲ. 2,000 ಮುಂಗಡ ಕೊಟ್ಟು, ಎಸ್ಟಿಮೇಟ್ ಚೀಟಿಯಲ್ಲಿ ದರವನ್ನೂ ಪೂರ್ತಿ ಮಾಡೆಲ್ ನಂಬರನ್ನೂ ಬರೆಸಿಕೊಂಡು ಬಂದಿದ್ದಾರೆ. ಬಿಲ್ಲು, ಡೆಲಿವರಿ ಎರಡೂ ಶ್ರಾವಣದ ಮೊದಲ ದಿನ, 25ನೇ ತಾರೀಕು ಶುಕ್ರವಾರ. ಚೀಟಿಯ ಫೋಟೋ ಈಗ ಬಂತು. ಕೊನೆಯ ಮೂರು ಅಕ್ಷರ ಸರಿಯಾಗಿವೆ.

ನಾಳೆ ವಾಷಿಂಗ್ ಮೆಷಿನ್.