ಅಪ್ಪನ ಕೆರೆ ದಂಡೆಯಲ್ಲಿ ನಿಮಿಷಕ್ಕೆ ಆರು ಉಸಿರು

ಇವತ್ತು ಬೆಳಿಗ್ಗೆ ಕಲಬುರಗಿಯ ಅಪ್ಪನ ಕೆರೆ ದಂಡೆಯಲ್ಲಿ ಹೃದಯ ಬಡಿತ ಅಳೆಯುವ ಎದೆಪಟ್ಟಿ ಕಟ್ಟಿಕೊಂಡು ಪ್ರಾಣಾಯಾಮಕ್ಕೆ ಕೂತೆ. ಸುಮ್ನೆ ಕೂತಾಗ ನಾಡಿ 78 ಇತ್ತು. ಬಡಿತಗಳ ನಡುವಿನ ಅಂತರ ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆ, ಅಂದರೆ ಎಚ್‌ಆರ್‌ವಿ, 26 ಇತ್ತು. ಆಮೇಲೆ 5 ಸೆಕೆಂಡು ಉಸಿರು ಒಳಗೆ, 5 ಸೆಕೆಂಡು ಹೊರಗೆ. ಹತ್ತು ನಿಮಿಷಕ್ಕೆ ನಾಡಿ 71, ಎಚ್‌ಆರ್‌ವಿ 49!

ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಕಾರಣ ಕೈಗೇ ಸಿಗುತ್ತದೆ. ಉಸಿರು ಎಳೆಯುವಾಗ ಬಡಿತ ಚುರುಕಾಗುತ್ತದೆ. ಬಿಡುವಾಗ ವೇಗಸ್ ನರ ಲಗಾಮು ಎಳೆಯುತ್ತದೆ, ಬಡಿತಗಳ ನಡುವೆ ಅಂತರ ಹೆಚ್ಚುತ್ತದೆ. ರಕ್ತದೊತ್ತಡವನ್ನು ಸರಿದೂಗಿಸುವ ದೇಹದ ಲಯವೂ ಸುಮಾರು 10 ಸೆಕೆಂಡಿನದೇ. ಉಸಿರು ಅದಕ್ಕೆ ಜೊತೆಯಾದಾಗ ಏರಿಳಿತ ಇನ್ನೂ ದೊಡ್ಡದಾಗುತ್ತದೆ.

ಪಕ್ಕದಲ್ಲಿದ್ದ ಕಾಕಾ 49 ನೋಡಿ, "ಹಾರ್ಟ್ ಗಟ್ಟಿ ಆಯ್ತು ನೋಡಪಾ" ಅಂದರು. ಅಲ್ಲ ಕಾಕಾ, ಅದು ಆ ಹತ್ತು ನಿಮಿಷದ ಉಸಿರಿನ ಲೆಕ್ಕ. ಮಾಮೂಲಿ ಉಸಿರಿಗೆ ಬಂದ ಮೇಲೆ 29ಕ್ಕೆ ಇಳಿಯಿತು. ಅದಕ್ಕೇ ದಿನಾ ಎದ್ದ ಕೂಡಲೇ, ಮಾಮೂಲಿ ಉಸಿರಿನಲ್ಲೇ ಅಳೆದು ವಾರದ ಸರಾಸರಿ ಬರೆದಿಡುತ್ತಿದ್ದೇನೆ. ನಿಜವಾದ ಬದಲಾವಣೆ ಕಾಣಬೇಕಾದದ್ದು ಅಲ್ಲಿ ಅಲ್ವಾ?

ಒಂದು ಮಾತು: ಮೊದಲ ದಿನ ಜೋರಾಗಿ ಎಳೆದು ತಲೆ ಜುಮ್ ಅಂದಿತ್ತು. ನಿಧಾನದ ಜೊತೆ ಉಸಿರು ಹಗುರವೂ ಇರಬೇಕು. ಈಗ ಮೂಗಿನ ತುದಿಗೆ ತಣ್ಣನೆಯ ಗಾಳಿ ತಾಗಿದ್ದಷ್ಟೇ ಗೊತ್ತಾಗುತ್ತದೆ.