ಬೇಕಲದ ಫೋಟೋದೊಳಗೆ ಮನೆಯ ದಾರಿ

"ಬೇಕಲಕ್ಕೆ ಹೋಗಿ ಬಂದ ಫೋಟೋ ಕಳಿಸಿದ್ರೆ ನಮ್ಮ ಮನೆ ಎಲ್ಲಿದೆ ಅಂತ ಬೇರೆಯವರಿಗೆ ಗೊತ್ತಾಗುತ್ತಾ? ಕಳಿಸುವಾಗ ಲೊಕೇಶನ್ ಆಫ್ ಮಾಡಿದ್ರೆ ಸಾಕಲ್ವಾ?"

ಗೊತ್ತಾಗಬಹುದು. ಕಳಿಸುವ ಹೊತ್ತಿಗೆ ಫೋನಿನ ಲೊಕೇಶನ್ ಆಫ್ ಮಾಡಿದರೆ ಏನೂ ಪ್ರಯೋಜನವಿಲ್ಲ. ಜಾಗದ ವಿವರ ಫೋಟೋ ತೆಗೆದ ಕ್ಷಣದಲ್ಲೇ ಫೈಲಿನೊಳಗೆ ಸೇರಿಬಿಟ್ಟಿರುತ್ತದೆ. ಆಮೇಲೆ ಫೋನಿನ ಲೊಕೇಶನ್ ಆಫ್ ಮಾಡಿದರೂ, ಫೋನನ್ನೇ ಮಾರಿದರೂ, ಆ ಫೈಲಿನೊಳಗಿನ ವಿವರ ಹಾಗೆಯೇ ಉಳಿಯುತ್ತದೆ.

ಹಿಂದೆ ಸ್ಟುಡಿಯೋದಿಂದ ತಂದ ಫೋಟೋದ ಹಿಂಬದಿಯಲ್ಲಿ ಊರು, ತಾರೀಕು ಬರೆದಿಡುತ್ತಿದ್ದರಲ್ಲ, ಆ ಕೆಲಸವನ್ನು ಈಗ ಫೋನೇ ಮಾಡುತ್ತದೆ. ಯಾವ ಫೋನು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡು, ಮತ್ತು ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ನಿಂತ ಜಾಗದ ಅಕ್ಷಾಂಶ, ರೇಖಾಂಶ. ಈ ವಿವರಗಳ ಕಟ್ಟಿಗೆ ಎಕ್ಸಿಫ್ ಅಂತ ಹೆಸರು. ಚಿತ್ರ ನೋಡಿದರೆ ಇದು ಕಾಣುವುದಿಲ್ಲ.

ನೋಡಬೇಕಾದರೆ ಕಷ್ಟವೇನಿಲ್ಲ. ಫೋಟೋವನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, Properties ತೆರೆದು Details ಒತ್ತಿ ಕೆಳಗೆ ಹೋಗಿ. ಬೇಕಲ ಕೋಟೆಯೊಳಗೆ ತೆಗೆದ ಫೋಟೋ ಆದರೆ Latitude ಎದುರು 12, 23, 33.4 ಅಂತಲೂ Longitude ಎದುರು 75, 1, 59.2 ಅಂತಲೂ ಇರುತ್ತದೆ ಅಂದುಕೊಳ್ಳಿ. ಡಿಗ್ರಿ, ನಿಮಿಷ, ಸೆಕೆಂಡು. ಮ್ಯಾಪಿನ ಲೆಕ್ಕದಲ್ಲಿ ಇದು 12.3926, 75.0331. ಈ ಎರಡು ಅಂಕಿಗಳನ್ನು ಮ್ಯಾಪಿನಲ್ಲಿ ಹಾಕಿದರೆ ಕೋಟೆಯೇ ಬರುತ್ತದೆ. ನಮ್ಮ ಕಡೆ ಒಂದು ಸೆಕೆಂಡು ಅಂದರೆ ನೆಲದ ಮೇಲೆ ಸುಮಾರು 30 ಮೀಟರ್. ಅದರ ಹತ್ತನೇ ಒಂದು ಭಾಗ 3 ಮೀಟರ್. ಫೋನಿನ ಜಿಪಿಎಸ್ ಅಷ್ಟು ಕರಾರುವಾಕ್ಕಾಗಿ ಸಿಗುವುದು ಅಪರೂಪ. ಅಡಿಕೆ ಮರಗಳ ಕೆಳಗೆ ಇನ್ನೂ ಜಾಸ್ತಿ ಆಚೀಚೆ ಆಗುತ್ತದೆ. ಆದರೆ ಒಂದೇ ಅಂಗಳದಲ್ಲಿ ತೆಗೆದ ಹತ್ತಾರು ಫೋಟೋಗಳ ಚುಕ್ಕಿಗಳನ್ನು ಒಟ್ಟಿಗೆ ಇಟ್ಟರೆ ನಡುವೆ ಇರುವ ಮನೆ ಯಾವುದು ಅಂತ ಕೇಳಬೇಕಾಗಿಲ್ಲ.

ಬೇಕಲ ಕೋಟೆ ಎಲ್ಲಿದೆ ಅಂತ ಗೊತ್ತಾದರೆ ಯಾರಿಗೂ ನಷ್ಟವಿಲ್ಲ. ತೊಂದರೆ ಇರುವುದು ಹೊರಡುವ ಮೊದಲು ತೆಗೆದ ಫೋಟೋದಲ್ಲಿ.

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಬದಿಯಡ್ಕ ಕಡೆಯವರು. ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ಕಾರಿನ ಮುಂದೆ ಎಲ್ಲರೂ ನಿಂತು ಒಂದು ಫೋಟೋ. ದಾರಿಯಲ್ಲಿ ಅನಂತಪುರದ ಕೆರೆ ದೇವಸ್ಥಾನ, ಮಧ್ಯಾಹ್ನ ಕಾಸರಗೋಡಿನಲ್ಲಿ ಊಟ, ಸಂಜೆ ಬೇಕಲದಲ್ಲಿ ಸೂರ್ಯಾಸ್ತ. ಗಲ್ಫಿನಲ್ಲಿರುವ ತಮ್ಮ, ಬೆಂಗಳೂರಿನ ಅಕ್ಕ ಎಲ್ಲರೂ "ಕ್ಲಿಯರ್ ಇರೋದನ್ನೇ ಕಳಿಸು" ಅನ್ನುತ್ತಾರೆ. ಹಾಗಾಗಿ ಎಲ್ಲವನ್ನೂ ಗೂಗಲ್ ಡ್ರೈವಿಗೆ ಏರಿಸಿ, ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಮಾಡಿ, ಲಿಂಕನ್ನು ಗ್ರೂಪಿಗೆ ಹಾಕುತ್ತಾರೆ. ಅಲ್ಲಿಂದ ಅದು ಇನ್ನೊಂದು ಗ್ರೂಪಿಗೆ ಹೋಗುತ್ತದೆ.

ಮೊದಲ ಫೋಟೋ ಮನೆಯ ಜಾಗ ಹೇಳುತ್ತದೆ. ಅದರಲ್ಲಿ ನಿಂತವರು ಮನೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಹೇಳುತ್ತಾರೆ. ಕೊನೆಯ ಫೋಟೋದ ಗಂಟೆ, ಅವರೆಲ್ಲ ಎಷ್ಟು ಹೊತ್ತಿನ ತನಕ ಹೊರಗಿದ್ದರು ಅನ್ನುವುದನ್ನು. ಎರಡು ದಿನದ ಪ್ರವಾಸವಾಗಿ, ಮೊದಲ ರಾತ್ರಿಯೇ ಲಿಂಕ್ ಹಾಕಿದ್ದರೆ ಮನೆ ಈಗ ಖಾಲಿ ಅನ್ನುವುದೂ ಸೇರುತ್ತದೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇದಕ್ಕೆ ತೂಕ ಜಾಸ್ತಿ. ಇಲ್ಲಿ ಎಷ್ಟೋ ಮನೆಗಳು ರಸ್ತೆಗೆ ಕಾಣುವುದೇ ಇಲ್ಲ. ಗುಡ್ಡದ ಬದಿಯಲ್ಲಿ, ತೋಟದ ಒಳಗೆ, ಅರ್ಧ ಕಿಲೋಮೀಟರ್ ಮಣ್ಣುದಾರಿ ಇಳಿದ ಮೇಲೆ ಒಂದೊಂದೇ ಮನೆ. ವಿಳಾಸ ಅಂದರೆ ಮನೆಯ ಹೆಸರು, ಪೋಸ್ಟಿನ ಹೆಸರು, ಅಷ್ಟೇ. ಹೊಸಬರು ಬಂದರೆ ಅಂಗಡಿಯಲ್ಲಿ ಕೇಳಲೇಬೇಕು. ಯಾರೋ ಕೇಳಿಕೊಂಡು ಬಂದಿದ್ದರು ಅಂತ ಸಂಜೆಯೊಳಗೆ ಮನೆಯವರಿಗೆ ಸುದ್ದಿ ಮುಟ್ಟುತ್ತದೆ. ಅಕ್ಷಾಂಶ, ರೇಖಾಂಶ ಕೈಯಲ್ಲಿದ್ದವನಿಗೆ ಯಾರನ್ನೂ ಕೇಳುವ ಅಗತ್ಯವೇ ಇಲ್ಲ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳನ್ನು ನೆನೆದಾಗ ನನಗೆ ನಿಜವಾಗಿ ಆತಂಕವಾಗುತ್ತದೆ.

ಇದು ಬರೀ ಊಹೆಯಲ್ಲ. 2012ರ ಡಿಸೆಂಬರಿನಲ್ಲಿ ಆಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿ ಪೊಲೀಸರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದರು. ಜೊತೆಗಿದ್ದ ಪತ್ರಕರ್ತರ ಪತ್ರಿಕೆ ಅವರ ಫೋಟೋ ಒಂದನ್ನು ಜಾಲತಾಣದಲ್ಲಿ ಹಾಕಿತು. ಐಫೋನಿನಲ್ಲಿ ತೆಗೆದ ಆ ಫೋಟೋದೊಳಗೆ ಜಾಗದ ಅಂಕಿಗಳು ಹಾಗೇ ಉಳಿದಿದ್ದವು. ಅವರು ಗ್ವಾಟೆಮಾಲಾದಲ್ಲಿ ಇದ್ದಾರೆ ಅನ್ನುವುದು ಅದರಿಂದಲೇ ಬಯಲಾಯಿತು.

ಇನ್ನು ವಾಟ್ಸಾಪಿನ ವಿಷಯ. ಮಾಮೂಲಿಯಾಗಿ ಫೋಟೋ ಅಂತಲೇ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಹೊಸ ಫೈಲ್ ಮಾಡುತ್ತದೆ. ಆಗ ಜಾಗದ ವಿವರ ಬಿದ್ದುಹೋಗುತ್ತದೆ. ಅದೇ ಫೋಟೋವನ್ನು ಕ್ಲಿಯರ್ ಇರಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲ್ ಇದ್ದ ಹಾಗೇ ಹೋಗುತ್ತದೆ, ಅಂಕಿಗಳ ಸಮೇತ. ಟೆಲಿಗ್ರಾಮಿನಲ್ಲಿ ಫೈಲ್ ಆಗಿ ಕಳಿಸಿದರೂ, ಕಂಪ್ಯೂಟರಿನಿಂದ ಮೇಲ್ ಮಾಡಿದರೂ, ಡ್ರೈವಿಗೆ ಏರಿಸಿದರೂ ಹೀಗೇ. ಗುಣಮಟ್ಟ ಕೆಡಬಾರದು ಅಂತ ನಾವು ಆರಿಸುವ ದಾರಿಗಳೇ ಜಾಗವನ್ನೂ ಹೊತ್ತೊಯ್ಯುವ ದಾರಿಗಳು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಫೋಟೋವನ್ನು ಬೇರೆಯವರು ಇಳಿಸಿಕೊಂಡರೆ ಅದರಲ್ಲಿ ಅಂಕಿಗಳು ಇರುವುದಿಲ್ಲ. ಅವನ್ನು ತೆಗೆಯುವುದು ಕಂಪನಿ. ಅಂದರೆ ಅಂಕಿಗಳು ಕಂಪನಿಯ ಕೈಗೆ ಮುಟ್ಟಿರಬಹುದು ಅಂತಲೇ ಲೆಕ್ಕ ಹಾಕಿ. ಗೂಗಲ್ ಫೋಟೋಸ್ ಆಲ್ಬಂ ಹಂಚುವುದಾದರೆ ಆಲ್ಬಂನ ಆಯ್ಕೆಗಳಲ್ಲಿ ಫೋಟೋಗಳ ಲೊಕೇಶನ್ ಹಂಚಬೇಕೇ ಅಂತ ಬೇರೆಯೇ ಒಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿ.

ಒಂದು ಮಾತು ಗಮನಿಸಿ. ನಿಮ್ಮ ಫೋನಿನಲ್ಲಿ ನೋಡಿ ತೀರ್ಮಾನಿಸಬೇಡಿ. ಫೈಲಿನಲ್ಲಿ ಏನೂ ಇಲ್ಲದಿದ್ದರೂ ಗೂಗಲ್ ಫೋಟೋಸ್ ತಾನೇ ಅಂದಾಜು ಮಾಡಿ ಊರಿನ ಹೆಸರು ತೋರಿಸುವುದುಂಟು. ಈಚಿನ ಆಂಡ್ರಾಯ್ಡ್‌ನಲ್ಲಿ, ವಿಶೇಷ ಅನುಮತಿ ಇಲ್ಲದ ಆ್ಯಪ್‌ಗೆ ಫೋಟೋ ಕೊಡುವಾಗ ಫೋನೇ ಅಂಕಿಗಳನ್ನು ಮರೆಮಾಡುತ್ತದೆ. ಹಾಗಾಗಿ ಒಂದೇ ಫೋಟೋ ಒಂದು ದಾರಿಯಲ್ಲಿ ಖಾಲಿಯಾಗಿ, ಇನ್ನೊಂದು ದಾರಿಯಲ್ಲಿ ತುಂಬಿಕೊಂಡು ಹೋಗಬಹುದು. ಸರಿಯಾದ ಪರೀಕ್ಷೆ ಆಗಬೇಕಾದದ್ದು ಫೋಟೋ ಪಡೆಯುವವರ ಕಡೆಯಲ್ಲಿ. ಬೇಕಲದ ಒಂದು ಫೋಟೋವನ್ನು ನೀವು ಯಾವಾಗಲೂ ಕಳಿಸುವ ದಾರಿಯಲ್ಲೇ ಮನೆಯವರೊಬ್ಬರಿಗೆ ಕಳಿಸಿ, ಅವರು ಇಳಿಸಿಕೊಂಡ ಫೈಲನ್ನು ಕಂಪ್ಯೂಟರಿನ Details ನಲ್ಲಿ ತೆರೆದು ನೋಡಿ.

ತೆಗೆದುಹಾಕುವುದು ಹೇಗೆ? ಐಫೋನಿನಲ್ಲಿ ಫೋಟೋ ಆರಿಸಿ ಶೇರ್ ಒತ್ತಿದಾಗ ಮೇಲ್ಗಡೆ Options ಇರುತ್ತದೆ. ಅಲ್ಲಿ Location ಆಫ್ ಮಾಡಿ. ಪ್ರತಿ ಸಲವೂ ನೋಡಬೇಕು. ವಿಂಡೋಸ್‌ನಲ್ಲಿ ಅದೇ Details ನ ಕೆಳಗೆ Remove Properties and Personal Information ಅಂತ ಇದೆ. ಅದನ್ನು ಒತ್ತಿ, Create a copy with all possible properties removed ಆರಿಸಿ OK ಕೊಟ್ಟರೆ ವಿವರ ಅಳಿಸಿದ ಇನ್ನೊಂದು ಪ್ರತಿ ಮಾಡಿಕೊಡುತ್ತದೆ. ಮೂಲ ಹಾಗೇ ಇರುತ್ತದೆ, ಹಂಚಬೇಕಾದ್ದು ಪ್ರತಿಯನ್ನು. ಒಂದೆರಡೇ ಫೋಟೋ ಆದರೆ ಸುಮ್ನೆ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿದರೂ ನಡೆಯುತ್ತದೆ. ಸ್ವಲ್ಪ ಮಸುಕಾಗುತ್ತದೆ, ಅಷ್ಟೇ.

ಇಡೀ ಪ್ರವಾಸದ ಫೋಟೋ ಇದ್ದರೆ ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಧನ ಒಳ್ಳೆಯದು. ಹಂಚಬೇಕಾದ ಫೋಟೋಗಳನ್ನು ಮೊದಲು ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಅದಕ್ಕೆ Bekal ಅಂತ ಹೆಸರಿಡಿ. ಆಮೇಲೆ ಆ ಫೋಲ್ಡರ್ ಇರುವ ಜಾಗದಲ್ಲಿ ಕಮಾಂಡ್ ವಿಂಡೋ ತೆರೆದು ಈ ಎರಡು ಸಾಲು ಕೊಡಿ:

```
exiftool -overwrite_original "-gps*=" Bekal
exiftool "-gps*" Bekal
```

ಮೊದಲ ಸಾಲು ಜಾಗದ ವಿವರ ಅಳಿಸುತ್ತದೆ. ಎರಡನೆಯದು ಏನಾದರೂ ಉಳಿದಿದೆಯೇ ಅಂತ ತೋರಿಸುತ್ತದೆ. ಬರೀ ಫೈಲುಗಳ ಹೆಸರು ಬಂದರೆ ಕೆಲಸ ಆಯಿತು. ಮೊದಲ ಸಾಲಿನ `-overwrite_original` ಬಿಟ್ಟರೆ ಈ ಸಾಧನ ಪ್ರತಿಯೊಂದು ಫೋಟೋದ ಮೂಲ ಪ್ರತಿಯನ್ನೂ ಹೆಸರಿನ ಕೊನೆಗೆ `_original` ಸೇರಿಸಿ ಅದೇ ಫೋಲ್ಡರಿನಲ್ಲಿ ಇಡುತ್ತದೆ. ಆ ಫೋಲ್ಡರನ್ನು ಡ್ರೈವಿಗೆ ಏರಿಸಿದರೆ ಅಳಿಸಿದ್ದೆಲ್ಲ ಮತ್ತೆ ಹೊರಗೆ ಹೋದ ಹಾಗೆ. ವಿಡಿಯೋಗಳಲ್ಲೂ ಜಾಗ ಇರುತ್ತದೆ, ಅವನ್ನು ಒಂದೊಂದಾಗಿ ಬೇರೆಯೇ ಪರೀಕ್ಷಿಸಿ.

ಇಷ್ಟೆಲ್ಲ ಮಾಡಲಾಗದ ಹಿರಿಯರ ಫೋನಿನಲ್ಲಿ ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ Location tags ಅಥವಾ Save location ಅನ್ನುವುದನ್ನು ಆಫ್ ಮಾಡಿಬಿಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಐಫೋನಿನಲ್ಲಿ ಇದು ಪ್ರೈವಸಿ ಸೆಟ್ಟಿಂಗ್ಸ್‌ನ Location Services ಒಳಗಿದೆ. Camera ಎದುರು Never ಇಡಬೇಕು. ನಿಮ್ಮ ಸ್ವಂತ ನೆನಪಿಗೆ ಜಾಗ ಬೇಕಿದ್ದರೆ ಆನ್ ಇರಲಿ, ಆದರೆ ಹಂಚುವುದು ವಿವರ ಅಳಿಸಿದ ಪ್ರತಿಯನ್ನೇ. ಈ ಸ್ವಿಚ್ ಮುಂದಿನ ಫೋಟೋಗಳಿಗೆ ಮಾತ್ರ, ಹಳೆಯವುಗಳಲ್ಲಿ ಇದ್ದದ್ದು ಇದ್ದೇ ಇರುತ್ತದೆ.

ಅಂಕಿ ಅಳಿಸಿದರೂ ಚಿತ್ರದಲ್ಲಿ ಕಾಣುವುದನ್ನು ಯಾವ ಸಾಧನವೂ ಅಳಿಸುವುದಿಲ್ಲ. ಗೇಟಿನ ಕಂಬದ ಮೇಲಿನ ಮನೆಯ ಹೆಸರು, ಕೆ.ಎಲ್. 14ರಿಂದ ಶುರುವಾಗುವ ಕಾರಿನ ನಂಬರ್, ಮಗುವಿನ ಸಮವಸ್ತ್ರದ ಮೇಲಿನ ಶಾಲೆಯ ಮುದ್ರೆ. ಅಂಗಳದ ಫೋಟೋವನ್ನು ಆಲ್ಬಂಗೇ ಸೇರಿಸದಿರುವುದು ಇವೆಲ್ಲಕ್ಕಿಂತ ಸುಲಭ. ದಾರಿಯಲ್ಲಿ ನೆಂಟರ ಮನೆಗೆ ಹೋಗಿದ್ದರೆ ಅಲ್ಲಿ ತೆಗೆದದ್ದನ್ನು ಹಾಕುವ ಮುಂಚೆ ಅವರನ್ನೊಮ್ಮೆ ಕೇಳಿ. ಅಲ್ಲಿ ಬಯಲಾಗುವುದು ಅವರ ಮನೆ.

ಈಗಾಗಲೇ ಲಿಂಕ್ ಹಾಕಿದ್ದರೆ ಡ್ರೈವಿನಲ್ಲಿ ಹಂಚಿಕೆಯನ್ನು ನಿರ್ಬಂಧಿಸಿ, ಹಳೆಯ ಫೈಲುಗಳನ್ನು ತೆಗೆದು, ಜಾಗದ ವಿವರ ಅಳಿಸಿದ ಪ್ರತಿಗಳನ್ನು ಹೊಸ ಫೋಲ್ಡರಿನಲ್ಲಿ ಹಾಕಿ ಹೊಸ ಲಿಂಕ್ ಕೊಡಿ. ಅಷ್ಟರಲ್ಲಿ ಯಾರಾದರೂ ಇಳಿಸಿಕೊಂಡಿದ್ದರೆ ಆ ಪ್ರತಿಗಳನ್ನು ವಾಪಸ್ ತರಲು ಆಗುವುದಿಲ್ಲ. ಗ್ರೂಪಿನಲ್ಲಿ ನೇರವಾಗಿ ಹೇಳಿ, ಹಳೆಯದನ್ನು ಡಿಲೀಟ್ ಮಾಡಿ ಅಂತ ಕೇಳಿಕೊಳ್ಳಿ.